ಹೊತ್ತಿಗೆ ಮುಂಚೆ ಬಿದ್ದ ಹನಿ

ಅವಳನ್ನು ಬೀದಿಯವರೆಲ್ಲ ನಾಳೆಯಕ್ಕ ಎಂದೇ ಕರೆಯುತ್ತಿದ್ದರು. ನಾಳೆಯ ಕೆಲಸವನ್ನು ಇವತ್ತೇ ಮುಗಿಸಿ ಕೂರುವವಳು ಎಂದು ಯಾರೋ ತಮಾಷೆಗೆ ಇಟ್ಟ ಹೆಸರು ಕೊನೆಗೆ ಖಾಯಂ ಆಗಿಬಿಟ್ಟಿತ್ತು. ಬೆಳಗಿನ ತರಕಾರಿ ಹಿಂದಿನ ಸಂಜೆಯೇ ಹೆಚ್ಚಿ ಮುಚ್ಚಿಟ್ಟಿರುತ್ತಿದ್ದಳು. ಅತ್ತೆಯ ಬಿ.ಪಿ. ಮಾತ್ರೆ ಖಾಲಿಯಾಗುವ ಮೊದಲೇ ಹೊಸ ಪಟ್ಟಿ ಬಂದು ಡಬ್ಬಿಯಲ್ಲಿ ಕೂತಿರುತ್ತಿತ್ತು. ಗಂಡ "ಅಂಗಿ ಎಲ್ಲಿ?" ಎನ್ನುವಷ್ಟರಲ್ಲಿ ಅಂಗಿ ಕುರ್ಚಿಯ ಬೆನ್ನ ಮೇಲಿರುತ್ತಿತ್ತು. ಹೀಗಾಗಿ ಆ ಮನೆಯಲ್ಲಿ ಯಾರಿಗೂ ಒಂದನ್ನು ಕೇಳಿ ಪಡೆಯುವ ಅಭ್ಯಾಸವೇ ಉಳಿದಿರಲಿಲ್ಲ. ಹೊಗಳುವ ಅಭ್ಯಾಸ ಮಾತ್ರ ಚೆನ್ನಾಗಿ ಬೆಳೆದಿತ್ತು. "ನಮ್ಮ ಸೊಸೆ ಕೈಲಿ ಕೆಲಸ ನಿಲ್ಲೋದೇ ಇಲ್ಲ" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದಳು. ನಿಂತರೆ ಹಿಡಿಯುವವರು ಯಾರಿದ್ದಾರೆ ಎಂದು ಯಾರೂ ಕೇಳಿದವರಿಲ್ಲ.

ಅವಳಿಗೆ ಮಾತ್ರ ಅದರ ಗುಟ್ಟು ಗೊತ್ತಿತ್ತು. ಆರು ಕೈಗಳ ಕೆಲಸ ಎರಡು ಕೈಗೆ ಬಿದ್ದಾಗ ನಾಳೆಯಿಂದ ಒಂದಿಷ್ಟು ಹೊತ್ತು ಕದ್ದುಕೊಳ್ಳದೆ ಗತಿಯಿಲ್ಲ. ಹಾಗೆ ಕದ್ದ ಹೊತ್ತನ್ನೆಲ್ಲ ಅವಳು ಮನೆಯ ಹಿಂದಿನ ಕೋಣೆಗೆ ಸುರಿಯುತ್ತಿದ್ದಳು.

ಅದು ಮರಿಕೋಣೆ. ಮೊಟ್ಟೆಮರಿ ಕೇಂದ್ರದಿಂದ ಆಗಷ್ಟೇ ಒಡೆದ ಕೋಳಿಮರಿಗಳನ್ನು ತಂದು, ಬಲ್ಬಿನ ಕಾವಿನಲ್ಲಿಟ್ಟು, ಐದಾರು ವಾರ ಸಾಕಿ, ಹಿತ್ತಿಲಲ್ಲಿ ನಾಲ್ಕು ಕೋಳಿ ಸಾಕುವ ಸುತ್ತಲಿನ ಹೆಂಗಸರಿಗೆ ಕೊಡುವುದು ಅವಳ ವ್ಯವಹಾರ. ಎಳೆಮರಿ ಸಾಕುವುದೇ ಕಷ್ಟ, ದೊಡ್ಡದಾದರೆ ತಾವೇ ಹೇಗೋ ಬದುಕಿಕೊಳ್ಳುತ್ತವೆ. ಆ ಕಷ್ಟದ ಪಾಲನ್ನು ಎಲ್ಲರ ಪರವಾಗಿ ಅವಳು ಹೊರುತ್ತಿದ್ದಳು. ನೆಲಕ್ಕೆ ಭತ್ತದ ಹೊಟ್ಟು, ಸುತ್ತ ತಗಡಿನ ಬಳೆ, ಮೇಲೆ ಇಳಿಬಿಟ್ಟ ಬಲ್ಬು. ಮರಿಗಳು ಬಲ್ಬಿನ ಕೆಳಗೆ ಗುಂಪುಗೂಡಿದರೆ ಚಳಿ, ತಗಡಿಗೆ ಅಂಟಿಕೊಂಡರೆ ಸೆಕೆ, ಎಲ್ಲೆಡೆ ಚೆಲ್ಲಿದಂತೆ ಓಡಾಡಿದರೆ ಸುಖ. ಒಲೆಯ ಮೇಲೆ ಹಾಲಿಟ್ಟು ಬಂದು ಅದನ್ನು ನೋಡಿ, ಹಾಲು ಉಕ್ಕುವ ಮುಂಚೆ ವಾಪಸು ಓಡುವ ಲೆಕ್ಕ ಅವಳ ಕಾಲಿಗೇ ಗೊತ್ತಿತ್ತು.

ಗಂಡನದು ಮೋಟಾರ್ ರಿವೈಂಡಿಂಗ್ ಅಂಗಡಿ, ಮನೆಯ ಮುಂಭಾಗದಲ್ಲಿ. ಸುಟ್ಟ ಪಂಪುಗಳೂ ತಾಮ್ರದ ತಂತಿಯೂ ತುಂಬಿ ಕಾಲಿಡಲು ಜಾಗವಿರಲಿಲ್ಲ. ಹಿಂದಿನ ಕೋಣೆಯ ಮೇಲೆ ಅವನ ಕಣ್ಣು ಬಹಳ ದಿನದಿಂದ ಇತ್ತು. ಕೆಟ್ಟ ಮನುಷ್ಯನಲ್ಲ, ಅವಳ ಕೆಲಸವನ್ನು "ಕೋಳಿ ಹುಚ್ಚು" ಎನ್ನುತ್ತಿದ್ದ, ತನ್ನದನ್ನು "ಲೈನು" ಎನ್ನುತ್ತಿದ್ದ, ಅಷ್ಟೇ ವ್ಯತ್ಯಾಸ.

ಆ ಸಲದ ಮರಿಗಳು ಚುರುಕಾಗಿದ್ದವು. ಮೊದಲ ವಾರದಲ್ಲಿ ಕೊಕ್ಕರೆ ರೋಗದ ಲಸಿಕೆ, ಎರಡನೇ ವಾರದ ಕೊನೆಗೆ ಗುಂಬೊರೊ ಎಂಬ ಇನ್ನೊಂದು ಮರಿರೋಗದ ಲಸಿಕೆ, ಮತ್ತೆ ಹತ್ತು ಹನ್ನೆರಡು ದಿನ ಬಿಟ್ಟು ಗುಂಬೊರೊದ್ದೇ ಎರಡನೇ ಹನಿ. ಪ್ರತಿ ಸಲವೂ ಹಾಗೇ ಮಾಡಿಕೊಂಡು ಬಂದಿದ್ದಳು. ಲಸಿಕೆಯ ಪುಡಿಯನ್ನು ಅದರ ಜೊತೆಗೇ ಬರುವ ತಣ್ಣನೆಯ ನೀರಿನಲ್ಲಿ ಕರಗಿಸಿ, ಸೀಸೆಯನ್ನು ಐಸಿನಲ್ಲಿಟ್ಟುಕೊಂಡು, ಒಂದೊಂದೇ ಮರಿಯ ಕಣ್ಣಿಗೆ ಹನಿ ಬಿಟ್ಟು, ಅದು ಕಣ್ಣು ಮಿಟುಕಿಸಿ ಒಳಗೆ ಎಳೆದುಕೊಳ್ಳುವ ತನಕ ಹಿಡಿದಿರಬೇಕು. ಕರಗಿಸಿದ ಮೇಲೆ ಲಸಿಕೆ ಹೆಚ್ಚು ಹೊತ್ತು ಉಳಿಯುವುದಿಲ್ಲ. ಒಬ್ಬರ ಕೈಲಿ ಆಗುವ ಮಾತಲ್ಲ. ಪಕ್ಕದ ಮನೆಯ ವಾರಗಿತ್ತಿ ಮರಿ ಹಿಡಿದುಕೊಡುತ್ತಿದ್ದಳು, ಅವಳು ಹನಿ ಬಿಡುತ್ತಿದ್ದಳು.

ಈ ಸಲ ಮೊದಲ ಹನಿಯ ದಿನವೇ ವಾರಗಿತ್ತಿ ಸುದ್ದಿ ತಂದಳು. "ಮಗಳಿಗೆ ದಿನ ತುಂಬ್ತಾ ಬಂತು ಕಣೇ ಅಕ್ಕ. ನಾಳಿದ್ದು ಹೊರಡ್ತೀನಿ. ಬಾಣಂತನ ಅಂದ್ರೆ ಗೊತ್ತಲ್ಲ, ತಿಂಗಳು ಇತ್ತ ತಲೆ ಹಾಕೋಕಾಗಲ್ಲ."

"ಹಾಗಾದ್ರೆ ಮುಂದಿನ ವಾರ ಮರಿ ಹಿಡಿಯೋರು ಯಾರೇ?"

"ಭಾವನ್ನ ಕೂರಿಸ್ಕೋ."

ಇಬ್ಬರೂ ನಕ್ಕರು. ಭಾವ ಮರಿ ಹಿಡಿಯುವ ದೃಶ್ಯ ನೆನೆಸಿಕೊಂಡು ಇನ್ನೊಂದು ಸಲ ನಕ್ಕರು. ಆಮೇಲೆ ನಾಳೆಯಕ್ಕ ತನ್ನ ಹೆಸರಿಗೆ ತಕ್ಕ ಕೆಲಸ ಮಾಡಿದಳು. ಔಷಧಿ ಅಂಗಡಿಗೆ ಹೋಗಿ ಗುಂಬೊರೊ ಲಸಿಕೆಯನ್ನೂ ಐಸಿನ ಡಬ್ಬಿಯಲ್ಲಿ ತಂದುಬಿಟ್ಟಳು. "ಇದು ಮುಂದಿನ ವಾರದ್ದಲ್ವೇನಮ್ಮ?" ಎಂದ ಅಂಗಡಿಯವನು.

"ಮುಂಚೆ ಹಾಕಿದ್ರೆ ಒಳ್ಳೇದೇ ಅಲ್ವಾ? ಕಾಯಿಲೆಗಿಂತ ಮೊದಲೇ ಬೇಲಿ ಹಾಕಿದ ಹಾಗೆ."

ಅವನಿಗೂ ಅದು ಸರಿಯೆನಿಸಿರಬೇಕು, ಚೀಟಿ ಹರಿದುಕೊಟ್ಟ. ಹೇಗೂ ಮರಿ ಕೈಯಲ್ಲಿದೆ ಎಂದು ಒಂದು ಕಣ್ಣಿಗೆ ಅದು, ಇನ್ನೊಂದು ಕಣ್ಣಿಗೆ ಇದು. ಮಧ್ಯಾಹ್ನದ ಊಟದ ಹೊತ್ತಿಗೆ ಎರಡು ವಾರದ ಕೆಲಸ ಮುಗಿದಿತ್ತು. ಗುಂಬೊರೊದ ಎರಡನೇ ಹನಿಯನ್ನು ವಾರಗಿತ್ತಿ ಬಂದ ಮೇಲೆ ನೋಡಿಕೊಂಡರಾಯಿತು ಎಂದುಕೊಂಡಳು. ಆ ದಿನ ಅವಳಿಗೆ ಎಷ್ಟು ಹಗುರವೆನಿಸಿತೆಂದರೆ ಅಡುಗೆಮನೆಯ ಹೊಸ್ತಿಲ ಮೇಲೆ ಸುಮ್ಮನೆ ಕೂತು ಒಂದು ಲೋಟ ಚಹಾ ಪೂರ್ತಿ ಬಿಸಿಯಿರುವಾಗಲೇ ಕುಡಿದಳು.

ನಾಲ್ಕನೇ ವಾರದ ಒಂದು ಬೆಳಿಗ್ಗೆ ಕೋಣೆಯ ಬಾಗಿಲು ತೆಗೆದಾಗ ಸದ್ದು ಕಡಿಮೆಯಿತ್ತು. ಹಿಂದಿನ ಸಂಜೆ ಎಲ್ಲವೂ ಚೆನ್ನಾಗಿಯೇ ಮೇವು ತಿಂದಿದ್ದವು. ಈಗ ಏಳೆಂಟು ಮರಿ ಮೂಲೆಯಲ್ಲಿ ಗರಿ ಕೆದರಿಕೊಂಡು, ತಲೆ ತಗ್ಗಿಸಿ ಕೂತಿದ್ದವು. ಒಂದನ್ನು ಎತ್ತಿದಳು. ಮೈ ನಡುಗುತ್ತಿತ್ತು. ಹಿಂಭಾಗದ ಗರಿಗೆ ಸುಣ್ಣದ ನೀರಿನಂಥ ಬಿಳಿ ಹಿಕ್ಕೆ ಅಂಟಿತ್ತು. ಕೆಳಗಿಟ್ಟರೆ ಎರಡು ಹೆಜ್ಜೆ ತೂರಾಡಿ ಕೂತುಬಿಟ್ಟಿತು. ಪಕ್ಕದ ಇನ್ನೊಂದು ಕತ್ತು ತಿರುಗಿಸಿ ತನ್ನ ಹಿಂಭಾಗವನ್ನು ತಾನೇ ಕುಕ್ಕಿಕೊಳ್ಳುತ್ತಿತ್ತು.

"ಕಾವು ಹೆಚ್ಚು ಕಮ್ಮಿ ಆಗಿರ್ಬೇಕು," ಎಂದ ಗಂಡ, ಬಾಗಿಲಲ್ಲೇ ನಿಂತು.

"ಕಾವು ಹೆಚ್ಚಾದ್ರೆ ಬಾಯಿ ತೆರೆದು ಏದುಸಿರು ಬಿಡ್ತಾವೆ. ಇವು ಹಾಗಿಲ್ಲ."

ಸಂಜೆಗೆ ನಾಲ್ಕು ಸತ್ತವು. ಮರುದಿನ ಬೆಳಿಗ್ಗೆ ಲೆಕ್ಕ ಹಾಕುವ ಮನಸ್ಸಾಗಲಿಲ್ಲ. ಸತ್ತವುಗಳಲ್ಲಿ ಎರಡನ್ನೂ ಇನ್ನೇನು ಹೋಗುವಂತಿದ್ದ ಒಂದನ್ನೂ ಮುಚ್ಚಳವಿದ್ದ ಡಬ್ಬಿಯಲ್ಲಿಟ್ಟುಕೊಂಡು ಆಟೋ ಹತ್ತಿದಳು. ಅನ್ನಕ್ಕೆ ಇಟ್ಟು ಬಂದಿರಲಿಲ್ಲ ಎಂಬುದು ಅರ್ಧ ದಾರಿಯಲ್ಲಿ ನೆನಪಾಯಿತು. ಮದುವೆಯಾದಂದಿನಿಂದ ಅನ್ನಕ್ಕೆ ಇಡದೆ ಮನೆಬಿಟ್ಟದ್ದು ಅದೇ ಮೊದಲು.

ಪಶು ಆಸ್ಪತ್ರೆಯ ಡಾಕ್ಟರಮ್ಮ ಸತ್ತ ಮರಿಯನ್ನು ಕಲ್ಲಿನ ಕಟ್ಟೆಯ ಮೇಲೆ ಅಂಗಾತ ಮಲಗಿಸಿ ಕತ್ತರಿ ಹಾಕಿದಳು. ತೊಡೆಯ ಮಾಂಸದ ಮೇಲೆ ಕೆಂಪು ಗೀರುಗಳಿದ್ದವು, ಯಾರೋ ಶಾಯಿ ಚಿಮುಕಿಸಿದ ಹಾಗೆ. ಆಮೇಲೆ ಬಾಲದ ಬುಡದಲ್ಲಿ, ಮಲದ್ವಾರದ ಮೇಲ್ಗಡೆಯಿಂದ, ಒಂದು ಪುಟ್ಟ ಉಂಡೆಯನ್ನು ಬಿಡಿಸಿ ತೋರಿಸಿದಳು. ಅದರ ಸುತ್ತ ಹಳದಿ ಲೋಳೆ ಕಟ್ಟಿತ್ತು.

"ಇದನ್ನ ಬರ್ಸಾ ಅಂತಾರಮ್ಮ. ಸಣ್ಣ ಚೀಲ. ರೋಗದ ಜೊತೆ ಹೋರಾಡೋಕೆ ಮರಿ ಮೈ ಕಲಿಯೋದು ಇದರಿಂದಾನೇ. ಇರಬೇಕಾದ್ದಕ್ಕಿಂತ ಎರಡರಷ್ಟು ಊದಿದೆ ನೋಡಿ." ಸೀಳಿದಳು, ಒಳಗೆ ರಕ್ತದ ಗೆರೆ. "ಗುಂಬೊರೊ. ಈ ವೈರಸ್ಸು ನೇರ ಇಲ್ಲಿಗೇ ಹೋಗಿ ಕೂರುತ್ತೆ. ಮೂರರಿಂದ ಆರು ವಾರದ ಮರಿ ಅಂದ್ರೆ ಅದಕ್ಕೆ ಪ್ರಾಣ. ಲಸಿಕೆ ಹಾಕಿಸಿಲ್ವಾ?"

"ಹಾಕಿದ್ದೀನಿ ಡಾಕ್ಟ್ರೇ. ಮುಂಚೇನೇ ಹಾಕಿದ್ದೀನಿ." ಆ ಮಾತಿನಲ್ಲಿ ಒಂದಿಷ್ಟು ಹೆಮ್ಮೆಯಿತ್ತು.

"ಮುಂಚೆ ಅಂದ್ರೆ ಯಾವಾಗ?"

"ಮೊದಲ ವಾರದಲ್ಲೇ. ಕೊಕ್ಕರೆ ರೋಗದ್ದರ ಜೊತೆಗೇ."

ಡಾಕ್ಟರಮ್ಮ ಕತ್ತರಿ ಕೆಳಗಿಟ್ಟಳು. ಬೈಯಲಿಲ್ಲ. ಕೈ ತೊಳೆಯುತ್ತಾ ಕೇಳಿದಳು, "ಮರಿ ಕೇಂದ್ರದ ತಾಯಿಕೋಳಿಗಳಿಗೆ ಈ ಲಸಿಕೆ ಆಗಿರುತ್ತೆ ಅಲ್ವಾ?"

"ಹೌದು. ಅದಕ್ಕೇ ಅಲ್ಲಿಂದ ತರೋದು."

"ಆ ತಾಯಿ ತನ್ನ ಮೈಯಲ್ಲಿರೋ ಕಾವಲನ್ನ ಮೊಟ್ಟೆಯ ಹಳದಿಯಲ್ಲೇ ಕಟ್ಟಿ ಕಳಿಸಿರ್ತಾಳೆ. ಮರಿ ಹುಟ್ಟಿದಾಗ ಆ ಕಾವಲು ಗಟ್ಟಿಯಾಗಿರುತ್ತೆ. ನಮ್ಮ ಲಸಿಕೆಯಲ್ಲಿರೋದು ಏನು? ಜೀವ ಇರೋ ವೈರಸ್ಸೇ, ಬಲ ಕುಗ್ಗಿಸಿರೋದು. ಕಾವಲಿಗೆ ಇವನು ನಮ್ಮವನು, ಅವನು ಕಳ್ಳ ಅನ್ನೋ ಭೇದ ಗೊತ್ತಾಗುತ್ತಾ? ಬಾಗಿಲಲ್ಲೇ ಹೊಡೆದು ಹಾಕುತ್ತೆ. ಮರಿ ಮೈ ಏನೂ ಕಲಿಯಲ್ಲ. ಆಮೇಲೆ ತಾಯಿ ಕೊಟ್ಟದ್ದೂ ದಿನ ಕಳೆದ ಹಾಗೆ ಕರಗಿ ಹೋಗುತ್ತೆ. ಮೂರನೇ ವಾರ ದಾಟೋ ಹೊತ್ತಿಗೆ ಅದೂ ಇಲ್ಲ, ಇದೂ ಇಲ್ಲ."

"ಅಂದ್ರೆ ನಾನು ಹಾಕಿದ್ದು..."

"ಹಾಕದ ಹಾಗೇ."

ನಾಳೆಯಕ್ಕ ಕಟ್ಟೆಯ ಮೇಲಿನ ಉಂಡೆಯನ್ನೇ ನೋಡಿದಳು. "ಮತ್ತೆ ತಡ ಮಾಡಿ ಹಾಕಿದ್ರೆ?"

"ಕಾಯಿಲೆ ಮೊದಲು ಬಂದು ಕೂತಿರುತ್ತೆ. ಕಾವಲು ಇಳಿದಿರಬೇಕು, ಕಳ್ಳ ಬಂದಿರಬಾರದು. ಆ ಸಂದಿ ಚಿಕ್ಕದು. ಎಲ್ಲ ಮರಿಗೂ ಒಂದೇ ದಿನ ಇಳಿಯಲ್ಲ ಬೇರೆ, ಒಂದಕ್ಕೆ ಬೇಗ, ಒಂದಕ್ಕೆ ನಿಧಾನ. ಅದಕ್ಕೇ ಎರಡು ಸಲ ಹಾಕೋದು."

"ಇನ್ನೂ ಜೋರಾದ ಲಸಿಕೆ ಇದೆಯಂತಲ್ಲ, ಕಾವಲಿದ್ರೂ ಒಳಗೆ ನುಗ್ಗೋದು?"

"ಇದೆ. ಎಳೆಮರಿಗೆ ಹಾಕಿದ್ರೆ ಅದೇ ಈ ಚೀಲಾನ ಕೆಡಿಸುತ್ತೆ. ಅವಸರಕ್ಕೆ ಔಷಧಿ ಇಲ್ಲಮ್ಮ."

ಬಂದ ರೋಗಕ್ಕೂ ಔಷಧಿ ಇರಲಿಲ್ಲ. ಬೆಚ್ಚಗಿಡಿ, ಉಪ್ಪು ಸಕ್ಕರೆಯ ನೀರು ಕುಡಿಸಿ, ಹೊಟ್ಟು ಒಣಗಿರಲಿ, ಹಿಡಿದು ಕಾಡಬೇಡಿ. ಮೂರು ನಾಲ್ಕು ದಿನ ಸಾವು ಏರುತ್ತೆ, ಆಮೇಲೆ ಇಳಿಯುತ್ತೆ ಎಂದಳು ಡಾಕ್ಟರಮ್ಮ. ಹಾಗೇ ಆಯಿತು. ವಾರ ಕಳೆಯುವಷ್ಟರಲ್ಲಿ ಮೂರರಲ್ಲೊಂದು ಪಾಲು ಮರಿಗಳು ಹೋಗಿದ್ದವು. ಹಿತ್ತಿಲ ಆಚೆ ಆಳವಾದ ಗುಂಡಿ ತೋಡಿ ಸುಣ್ಣ ಹಾಕಿ ಹೂತಳು. ಉಳಿದವು ಮತ್ತೆ ಮೇವಿಗೆ ಬಾಯಿ ಹಾಕಿದವು.

ಬದುಕಿದವನ್ನು ನೋಡಿ ಮನೆಯಲ್ಲಿ ಎಲ್ಲರೂ ನೆಮ್ಮದಿಯ ಉಸಿರುಬಿಟ್ಟರು. ಗಂಡನಿಗಂತೂ ದಾರಿ ಸಲೀಸಾಗಿ ಕಂಡಿತು.

"ಚೆನ್ನಾಗಿರೋವನ್ನ ಕೇಳಿದವರಿಗೆ ಕೊಟ್ಟು ಮುಗಿಸು. ಕೋಣೆ ಖಾಲಿಯಾಗ್ಲಿ. ಇನ್ನು ಈ ತಾಪತ್ರಯ ಸಾಕು."

"ಇವನ್ನ ಕೊಡೋಕಾಗಲ್ಲ."

"ಯಾಕೆ? ಓಡಾಡ್ತಿವೆಯಲ್ಲ."

"ಓಡಾಡ್ತಾವೆ. ಹೋದ ಕಡೆಯೆಲ್ಲ ರೋಗಾನೂ ಓಡಾಡುತ್ತೆ. ಒಂದು ಸಲ ಮಣ್ಣಿಗೆ ಬಿದ್ರೆ ತಿಂಗಳುಗಟ್ಟಲೆ ಸಾಯಲ್ವಂತೆ. ಬೀದಿಯಲ್ಲಿರೋ ಒಂದೊಂದು ಹಿತ್ತಿಲಿಗೂ ನಾನೇ ಹಂಚಿದ ಹಾಗಾಗುತ್ತೆ."

"ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಲ್ಲ."

ಮರುದಿನ ಚಪ್ಪಲಿ ತೊಳೆದುಕೊಂಡು, ಬೇರೆ ಸೀರೆ ಉಟ್ಟು, ಮರಿ ಕೇಳಿದ್ದ ಮನೆಗಳ ಮುಂದೆ ಒಬ್ಬಳೇ ನಿಂತು ಹೇಳಿ ಬಂದಳು. ಒಳಗೆ ಕಾಲಿಡಲಿಲ್ಲ. ಕೆಲವರು ಅಯ್ಯೋ ಎಂದರು. ಮೊಟ್ಟೆ ಮಾರುವ ಗಟ್ಟಿಗಿತ್ತಿ ಒಬ್ಬಳು, ಬಾಯಿಗೆ ಬೀಗವಿಲ್ಲದವಳು, ಗೇಟಿನಾಚೆಯಿಂದಲೇ ಅಂದಳು: "ಏನಮ್ಮ ನಾಳೆಯಕ್ಕ, ಎಲ್ಲಾನೂ ಮುಂಚೆ ಮಾಡೋಳು, ಇದನ್ನೂ ಮುಂಚೆ ಹೇಳಿದ್ರೆ ಬೇರೆ ಕಡೆ ನೋಡ್ಕೋತಿದ್ದೆ." ನಾಳೆಯಕ್ಕ ತಲೆಯಾಡಿಸಿ ಬಂದಳು. ಮಾತಿನಲ್ಲಿ ನ್ಯಾಯವಿತ್ತು.

ಉಳಿದ ಮರಿಗಳು ಬೆಳೆದವು, ಆದರೆ ಕಸುವಿಲ್ಲದೆ ಬೆಳೆದವು. ಆ ಚೀಲ ಕೆಟ್ಟ ಮೇಲೆ ಬೇರೆ ಲಸಿಕೆಗಳೂ ಮೈಗೆ ಹತ್ತಲಿಲ್ಲ. ಒಂದಕ್ಕೆ ಕೆಮ್ಮು, ಒಂದಕ್ಕೆ ಭೇದಿ. ಅದೇ ಕೋಣೆಯಲ್ಲಿದ್ದು ಕೊನೆಗೆ ಮಾಂಸದಂಗಡಿಗೆ ಹೋದವು. ಕೋಣೆಯ ಬಾಗಿಲ ಬಳಿ ಅಷ್ಟರಲ್ಲಿ ಮೂರು ಸುಟ್ಟ ಮೋಟಾರು ಬಂದು ಕೂತಿದ್ದವು. ಯಾರೂ ಏನೂ ಹೇಳಿರಲಿಲ್ಲ. ವಸ್ತುಗಳೇ ಹೇಳುತ್ತಿದ್ದವು.

"ಇನ್ನೊಂದು ಸಲ ತರ್ತೀನಿ," ಎಂದಳು ಅವಳು, ಗಂಡನಿಗೆ ಅನ್ನ ಬಡಿಸುತ್ತಾ. "ಅದೂ ಕೆಟ್ರೆ ಕೋಣೆ ನಿಮ್ಮದು. ಕೇಳಲ್ಲ."

ಅವನು ಸೌಟು ಹಿಡಿದ ಅವಳ ಕೈ ನೋಡಿ, "ಸರಿ," ಎಂದ. ಅಷ್ಟು ಸುಲಭವಾಗಿ ಒಪ್ಪಿದ್ದು ಗೆಲ್ಲುವ ನಂಬಿಕೆಯಿಂದ ಎಂದು ಅವಳಿಗೆ ಗೊತ್ತಾಯಿತು.

ಹೊಟ್ಟು ಸುಟ್ಟಳು. ನೆಲ ಕೆರೆದಳು. ಗೋಡೆ, ತಗಡು, ನೀರಿನ ಪಾತ್ರೆ ಎಲ್ಲವನ್ನೂ ಸೋಪಿನಲ್ಲಿ ಉಜ್ಜಿ, ಡಾಕ್ಟರಮ್ಮ ಹೇಳಿದ ಔಷಧಿ ಸಿಂಪಡಿಸಿ, ಬಾಗಿಲು ತೆರೆದು ವಾರಗಟ್ಟಲೆ ಒಣಗಲು ಬಿಟ್ಟಳು. ಆಮೇಲೆ ಹೊಸ ಮರಿ ತಂದಳು. ಕೋಣೆಗೆಂದೇ ಬೇರೆ ಚಪ್ಪಲಿ ಇಟ್ಟಳು. ತಿಂಗಳೆಂದು ಹೋದ ವಾರಗಿತ್ತಿ ಇನ್ನೂ ಮಗಳ ಮನೆಯಲ್ಲೇ ಇದ್ದಳು. ಮೊದಲ ವಾರ ಕೊಕ್ಕರೆ ರೋಗದ ಹನಿಯನ್ನು ಒಬ್ಬಳೇ ಮೊಣಕಾಲಿನ ನಡುವೆ ಮರಿ ಹಿಡಿದು, ಸೀಸೆಗಳನ್ನು ಒಂದೊಂದಾಗಿ ಕರಗಿಸಿಕೊಂಡು, ಹೇಗೋ ಮುಗಿಸಿದಳು. ಸಂಜೆ ಬೆನ್ನು ಎತ್ತಲಾಗಲಿಲ್ಲ. ಗುಂಬೊರೊ ಹನಿಗೆ ಇನ್ನೊಂದು ಜೊತೆ ಕೈ ಬೇಕೇ ಬೇಕಿತ್ತು.

ಅಷ್ಟರಲ್ಲಿ ನಾದಿನಿಯ ಫೋನು. ಗಂಡ ಮಕ್ಕಳ ಸಮೇತ ಬಂದು ವಾರ ಇರುತ್ತಾಳಂತೆ. ಅತ್ತೆಗೆ ಸಂಭ್ರಮ. ಲಸಿಕೆಯ ದಿನ ಸರಿಯಾಗಿ ಆ ವಾರದ ನಡುವೆ ಬೀಳುತ್ತಿತ್ತು.

"ಅವರು ಬರೋಕೆ ಮುಂಚೆ ಇವತ್ತೇ ಹಾಕಿ ಮುಗಿಸಿಬಿಡೇ," ಎಂದಳು ಅತ್ತೆ. "ನಿನ್ನ ಕೆಲಸ ಯಾವಾಗ್ಲೂ ಮುಂಚೇನೇ ತಾನೆ."

ಅವಳ ಕೈ ತಾನಾಗಿಯೇ ಸೆರಗಿನ ಗಂಟಿಗೆ ಹೋಯಿತು, ಹಣ ಬಿಚ್ಚಿ ಲಸಿಕೆ ತರಲು. ಹೊರಟೇ ಬಿಡುತ್ತಿದ್ದಳೇನೋ. ಮೂವತ್ತು ವರ್ಷದ ಅಭ್ಯಾಸ ಕಾಲಲ್ಲಿರುತ್ತದೆ, ತಲೆಗೆ ಬರುವಷ್ಟರಲ್ಲಿ ಅರ್ಧ ಬೀದಿ ದಾಟಿಸಿರುತ್ತದೆ. ಗಂಟು ಮತ್ತೆ ಬಿಗಿದಳು. "ಇವತ್ತಾಗಲ್ಲ ಅತ್ತೆ. ಮರಿಗಳಿಗೆ ಅವರಮ್ಮ ಕೊಟ್ಟದ್ದು ಇನ್ನೂ ಇದೆ."

"ಹಾಗಾದ್ರೆ ಅವರು ಹೋದ ಮೇಲೆ ಹಾಕು," ಎಂದ ಗಂಡ.

"ಆವಾಗ ಆ ಕೊಟ್ಟದ್ದು ಇರಲ್ಲ."

"ಮತ್ತೆ ಬಂದವರಿಗೆ ಅಡುಗೆ?"

"ಆ ದಿನ ಮಧ್ಯಾಹ್ನ ಇಲ್ಲ."

ಅತ್ತೆ ಕನ್ನಡಕ ತೆಗೆದು ಸೊಸೆಯನ್ನು ನೋಡಿದಳು. ಕನ್ನಡಕವಿಲ್ಲದೆ ಅವಳಿಗೆ ಕಾಣುತ್ತಿರಲಿಲ್ಲ. ಸಿಟ್ಟು ಬಂದಾಗ ತೆಗೆಯುವುದು ರೂಢಿ.

ಕಾಯುವುದು ಇಷ್ಟು ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ. ಕೆಲಸ ಮಾಡದೆ ಬಿಟ್ಟದ್ದು ಬಾಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ದಿನವೂ ಕಾಡಿತು. ಆ ದಿನ ಬಂತು. ಬೆಳಿಗ್ಗೆ ಚಹಾ ಕೊಟ್ಟು, ತಿಂಡಿ ಕೊಟ್ಟು, ಐಸಿನ ಡಬ್ಬಿ ತಂದು ಮರಿಕೋಣೆಯ ಬಾಗಿಲಲ್ಲಿಟ್ಟು, ನಡುಮನೆಗೆ ಹೋಗಿ ನಿಂತಳು. ನಾದಿನಿಯ ಗಂಡ, ಬಟ್ಟೆ ಅಂಗಡಿಯವನು, ಪೇಪರ್ ಓದುತ್ತಿದ್ದ. ಗಂಡ ಅವನ ಎದುರು ಕಾಲು ಚಾಚಿ ಕೂತಿದ್ದ.

"ಕೈ ತೊಳ್ಕೊಂಡು ಬನ್ನಿ," ಎಂದಳು ಗಂಡನಿಗೆ.

"ಊಟಾನಾ? ಇಷ್ಟು ಬೇಗ?"

"ಮರಿ ಹಿಡಿಯೋಕೆ. ಪುಡಿ ಕರಗಿಸಿದ ಮೇಲೆ ಹೊತ್ತಿರಲ್ಲ."

ತಂಗಿಯ ಗಂಡನ ಮುಂದೆ ಇಲ್ಲ ಎನ್ನಲೂ ಆಗಲಿಲ್ಲ, ಹೂಂ ಎನ್ನಲೂ ಆಗಲಿಲ್ಲ ಅವನಿಗೆ. ನಾದಿನಿ ಮೊದಲು ಎದ್ದಳು. "ನಡಿಯತ್ತಿಗೆ, ನಾನೂ ಬರ್ತೀನಿ. ಅಣ್ಣ, ಏಳೋ! ಮೋಟಾರು ಎತ್ತೋ ಕೈಗೆ ಕೋಳಿಮರಿ ಭಾರಾನಾ?"

ಅಣ್ಣ ಎದ್ದ. ಮೊದಲ ಮರಿಯನ್ನು ಅವನು ಹಿಡಿದ ರೀತಿಗೆ ಅದು ಕಿರುಚಿಕೊಂಡಿತು.

"ಬೋಲ್ಟ್ ಅಲ್ಲ ರೀ ಅದು, ತಿರುಪಬೇಡಿ. ಅಂಗೈ ಮೇಲೆ ಕೂರಿಸಿ, ಹೆಬ್ಬೆರಳಲ್ಲಿ ತಲೆ ಹೀಗೆ ಓರೆ ಮಾಡಿ."

ನಾದಿನಿ ನಕ್ಕು ನಕ್ಕು ಕೈಯಲ್ಲಿದ್ದ ಮರಿಯನ್ನೇ ಬಿಟ್ಟಳು. ಆಮೇಲೆ ಮಾತು ಕಡಿಮೆಯಾಯಿತು. ಒಂದು ಮರಿ, ಒಂದು ಹನಿ, ಒಂದು ಮಿಟುಕು. ಹನಿ ಬಿದ್ದ ಮರಿಯನ್ನು ತಗಡಿನ ಆಚೆ ಬಿಡುವುದು. ಸ್ವಲ್ಪ ಹೊತ್ತಿಗೆ ಗಂಡನ ಬೆರಳು ದಾರಿಗೆ ಬಂದವು. ತೆಳು ತಂತಿ ಸುತ್ತುವ ಬೆರಳು, ಕಲಿತರೆ ಚೆನ್ನಾಗಿಯೇ ಕಲಿಯುತ್ತಿದ್ದವು. "ಇದು ಮಿಟುಕಿಸಲಿಲ್ಲ ಕಣೇ, ತಡಿ," ಎಂದು ಅವನೇ ಒಮ್ಮೆ ಅವಳನ್ನು ನಿಲ್ಲಿಸಿದ. ಊಟ ಮೂರು ಗಂಟೆಯ ಮೇಲಾಯಿತು. ಅಡುಗೆ ಮಾಡಿದ್ದು ಅತ್ತೆ, ಅವಳಿಗೆ ಸಹಾಯಕ್ಕೆ ನಿಂತದ್ದು ಬಟ್ಟೆ ಅಂಗಡಿಯವನು. ಉಪ್ಪು ಹೆಚ್ಚಾಗಿತ್ತು. ಯಾರೂ ಸತ್ತು ಹೋಗಲಿಲ್ಲ.

ಗುಂಬೊರೊದ ಎರಡನೇ ಹನಿಯ ಹೊತ್ತಿಗೆ ನಾದಿನಿ ಊರಿಗೆ ಹೋಗಿದ್ದಳು. ಗಂಡ ಕರೆಯದೆ ಬರಲಿಲ್ಲ, ಆದರೆ ಒಂದೇ ಸಲ ಕರೆದದ್ದಕ್ಕೆ ಬಂದ.

ನಾಲ್ಕನೇ ವಾರ ಬಂತು. ಹಿಂದಿನ ಬೀದಿಯಲ್ಲಿ ಸಂತೆಯಿಂದ ಲಸಿಕೆಯಿಲ್ಲದ ಮರಿ ತಂದಿದ್ದವರ ಗೂಡಿನಲ್ಲಿ ಅದೇ ಬಿಳಿ ಹಿಕ್ಕೆ, ಅದೇ ನಡುಕ ಎಂಬ ಸುದ್ದಿ ಬಂತು. ಅಲ್ಲಿಂದ ಕರೆಯಲು ಬಂದವರನ್ನು ಅವಳು ಗೇಟಿನಲ್ಲೇ ನಿಲ್ಲಿಸಿ, ಮಾಡಬೇಕಾದ್ದನ್ನು ಹೇಳಿ ಕಳಿಸಿದಳು. ಪ್ರತಿ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲು ಹೊರಗೆ ನಿಂತು ಕಿವಿಗೊಡುತ್ತಿದ್ದಳು. ಒಳಗೆ ಗಲಾಟೆಯಿದ್ದರೆ ಕೈ ಚಿಲಕಕ್ಕೆ ಹೋಗುತ್ತಿತ್ತು. ಗಲಾಟೆ ಇತ್ತು. ಐದನೇ ವಾರವೂ ಇತ್ತು. ಆರನೆಯದರಲ್ಲಿ ಮರಿಗಳು ತಗಡು ಹಾರಿ ಆಚೆ ಬರತೊಡಗಿದವು.

ಹೆಂಗಸರು ಬುಟ್ಟಿ ಹಿಡಿದು ಬಂದರು. ಮೊದಲಿಗಿಂತ ಕಡಿಮೆ ಜನ. ಗಟ್ಟಿಗಿತ್ತಿ ಬಂದಿರಲಿಲ್ಲ, ತನ್ನ ಸೊಸೆಯನ್ನು ಕಳಿಸಿದ್ದಳು. "ಅತ್ತೆ ಕೇಳಿ ಬಾ ಅಂದ್ರು, ಈ ಸಲ ಹೊತ್ತಿಗೆ ಸರಿಯಾಗಿ ಹಾಕಿದ್ದೀರಾ ಅಂತ."

"ಹಾಕಿದ್ದೀನಿ. ಎಂಟು ತಗೊಂಡು ಹೋಗು. ಮೊದಲ ವಾರ ಹಳೆ ಕೋಳಿಗಳ ಜೊತೆ ಬಿಡಬೇಡ ಅಂತ ಹೇಳು."

ಕೊನೆಯ ಬುಟ್ಟಿ ಹೋದ ಮೇಲೆ ಹೊಟ್ಟನ್ನೆಲ್ಲ ಗುಡಿಸಿ, ತಗಡು ಮಡಚಿ, ನೆಲಕ್ಕೆ ನೀರು ಹೊಡೆದಳು. ಗಂಡ ಬಂದು ಬಾಗಿಲಲ್ಲಿ ನಿಂತ. ಒದ್ದೆ ನೆಲ, ಬರೀ ಗೋಡೆ, ತೆರೆದ ಕಿಟಕಿ. ಒಂದು ಕೈಯಲ್ಲಿ ಪಂಪಿನ ಮೋಟಾರು ತೂಗುತ್ತಿತ್ತು.

"ಈಗ ಖಾಲಿ ಇದೆಯಲ್ಲ. ನೀನು ಮತ್ತೆ ಮರಿ ತರೋ ತನಕ ಇಡ್ಲಾ?"

"ಬೇಡ."

"ಸುಮ್ನೆ ಬಿದ್ದಿರುತ್ತಲ್ಲೇ ಕೋಣೆ."

"ಸುಮ್ನೆ ಬಿದ್ದಿರ್ಬೇಕು. ಎರಡು ಮೂರು ವಾರ ಹೀಗೇ ಇದ್ರೇನೇ ಮುಂದಿನವು ಉಳಿಯೋದು."

ಅವನು ಮೋಟಾರನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ. ಆಮೇಲೆ ಅಂಗಡಿಯ ಕಡೆ ಹೋದ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮಾಡಲು ಏನೂ ಇಲ್ಲದ ಆ ಕೋಣೆಯ ಕಿಟಕಿಯ ಬಳಿ ಇನ್ನೂ ಒಂದಿಷ್ಟು ಹೊತ್ತು ನಿಂತೇ ಇದ್ದಳು.